ದಾರಿ ತಪ್ಪಿದ ಆರ್ಡರ್‌ಗೆ ಯಾವ ತಡೆ? ಬೆಲೆ, ಪ್ರಮಾಣ ಮತ್ತು ಮೌಲ್ಯದ ಕಾವಲುಗಳ ಹೋಲಿಕೆ

2012ರ ಅಕ್ಟೋಬರ್ 5ರಂದು ಎಂಕೇ ಗ್ಲೋಬಲ್ ಎಂಬ ಬ್ರೋಕರ್ ಸಂಸ್ಥೆಯ ಡೀಲರ್ ಒಬ್ಬರು ನಿಫ್ಟಿ ಷೇರುಗಳ ಬುಟ್ಟಿಯೊಂದನ್ನು 17 ಲಕ್ಷ ರೂಪಾಯಿ ಮೊತ್ತಕ್ಕೆ ಮಾರಬೇಕಿತ್ತು. 17 ಲಕ್ಷ ಎಂಬ ಅಂಕಿ ಮೊತ್ತದ ಜಾಗದಲ್ಲಿ ಕೂರದೆ ಪ್ರಮಾಣದ ಜಾಗದಲ್ಲಿ ಕುಳಿತಿತು. ಆಗ ನಿಫ್ಟಿ 5,700ರ ಆಸುಪಾಸಿನಲ್ಲಿತ್ತು. ಹೀಗಾಗಿ ಯಂತ್ರಕ್ಕೆ ಕಂಡದ್ದು ಸಾವಿರ ಕೋಟಿ ರೂಪಾಯಿಗೆ ಸಮೀಪದ ಮಾರಾಟ. 59 ಆರ್ಡರ್‌ಗಳ ಮೂಲಕ 650 ಕೋಟಿಗೂ ಹೆಚ್ಚು ಮೌಲ್ಯದ ಷೇರುಗಳು ಕೈ ಬದಲಾಯಿಸಿದವು. ನಿಫ್ಟಿ ಶೇ 15ಕ್ಕೂ ಹೆಚ್ಚು ಕುಸಿಯಿತು, ವಹಿವಾಟು ಸುಮಾರು ಕಾಲು ಗಂಟೆ ನಿಂತಿತು.

ಹತ್ತು ವರ್ಷ ಕಳೆದ ಮೇಲೆ, 2022ರ ಮೇ 2ರಂದು, ಲಂಡನ್ನಿನ ಸಿಟಿ ಗ್ರೂಪ್‌ನಲ್ಲಿ ಅದೇ ತಪ್ಪು ಮರುಕಳಿಸಿತು. 5.8 ಕೋಟಿ ಡಾಲರ್ ಮೊತ್ತದ ಬುಟ್ಟಿ ಮಾರಬೇಕಿದ್ದ ಟ್ರೇಡರ್, ಆ ಅಂಕಿಯನ್ನು ಪ್ರಮಾಣದ ಕಾಲಂನಲ್ಲಿ ತುಂಬಿದರು. ತಯಾರಾದದ್ದು 44,400 ಕೋಟಿ ಡಾಲರ್‌ಗಳ ಬುಟ್ಟಿ. ಸಂಸ್ಥೆಯ ಒಳಗಿನ ತಡೆಗಳು ಅದರಲ್ಲಿ 25,500 ಕೋಟಿ ಡಾಲರ್‌ಗಳಷ್ಟನ್ನು ಹಿಡಿದುಹಾಕಿದವು. ಉಳಿದ 18,900 ಕೋಟಿ ಡಾಲರ್‌ಗಳ ಭಾಗ, ತಾನಾಗಿಯೇ ಆರ್ಡರ್ ಹಾಕುವ ತಂತ್ರಾಂಶವಾದ ಅಲ್ಗೊ ಕೈಗೆ ಹೋಯಿತು. ಟ್ರೇಡರ್ ರದ್ದು ಮಾಡುವಷ್ಟರಲ್ಲಿ 140 ಕೋಟಿ ಡಾಲರ್ ಮೌಲ್ಯದ ಷೇರುಗಳು ಮಾರಾಟವಾಗಿದ್ದವು.

ಎರಡೂ ಪ್ರಕರಣಗಳಲ್ಲಿ ಬೆಲೆಯನ್ನು ಯಾರೂ ತಪ್ಪಾಗಿ ಬರೆದಿರಲಿಲ್ಲ. ಅಂಕಿ ತುಂಬುವಾಗ ಆಗುವ ಇಂಥ ಕೈತಪ್ಪಿಗೆ ಫ್ಯಾಟ್ ಫಿಂಗರ್ ಎನ್ನುತ್ತಾರೆ. ಫ್ಯಾಟ್ ಫಿಂಗರ್ ತಡೆ ಎಂದೊಡನೆ ಹೆಚ್ಚಿನವರು ಬರೆಯುವ ಮೊದಲ ಸಾಲು ‘ಬೆಲೆ ಶೇ 5ಕ್ಕಿಂತ ಆಚೀಚೆ ಇದ್ದರೆ ತಿರಸ್ಕರಿಸು’ ಎಂಬುದು. ಆ ಸಾಲು ಈ ಎರಡು ಕಡೆಯೂ ತುಟಿ ಬಿಚ್ಚುತ್ತಿರಲಿಲ್ಲ. ಬ್ರೋಕರ್ ಕೊಡುವ ಎಪಿಐ ಹಿಡಿದು ಸ್ವಂತ ಅಲ್ಗೊ ಓಡಿಸುವವರು ಬೆಂಗಳೂರಿನಲ್ಲಿ ಈಗ ಸಾಕಷ್ಟಿದ್ದಾರೆ. ಅವರ ಮುಂದಿರುವ ಆಯ್ಕೆಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ಈ ಬರಹದ ಕೆಲಸ.

ಮೇಲಿನವರ ತಡೆ ಸಾಲದೇ?

ವಿನಿಮಯ ಕೇಂದ್ರಗಳಲ್ಲಿ ತಡೆಗಳಿವೆ. ಎಂಕೇ ಪ್ರಕರಣದ ನಂತರ, 2012ರ ಡಿಸೆಂಬರ್‌ನಲ್ಲಿ, ಸಾಮಾನ್ಯ ಮಾರುಕಟ್ಟೆಯಲ್ಲಿ 10 ಕೋಟಿ ರೂಪಾಯಿ ಮೀರಿದ ಒಂಟಿ ಆರ್ಡರನ್ನು ಸ್ವೀಕರಿಸಬಾರದು ಎಂದು ಸೆಬಿ ಹೇಳಿತು. ಷೇರುಗಳಿಗೆ ಬೆಲೆಯ ಶ್ರೇಣಿ ಇದೆ, ಫ್ಯೂಚರ್ಸ್ ಮತ್ತು ಆಪ್ಷನ್‌ಗಳಿಗೆ ಒಂದು ಆರ್ಡರ್‌ನಲ್ಲಿ ಇಷ್ಟೇ ಎಂಬ ಪ್ರಮಾಣದ ಮಿತಿಯೂ ಇದೆ. ಆದರೆ ಇವು ಮಾರುಕಟ್ಟೆಯನ್ನು ಕಾಯಲು ಇರುವವು, ನಿಮ್ಮನ್ನು ಕಾಯಲು ಅಲ್ಲ. ಹತ್ತು ಲಕ್ಷ ಬಂಡವಾಳದವನಿಗೆ 10 ಕೋಟಿಯ ಮಿತಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಬ್ರೋಕರ್‌ನ ಕಡೆ ನಿಜವಾಗಿ ಅಡ್ಡ ಬರುವುದು ಮಾರ್ಜಿನ್ ಸಾಲದಿರುವುದು. ಖಾತೆಯಲ್ಲಿ ದುಡ್ಡು ತುಂಬಿರುವ ದಿನ ಅದೂ ಅಡ್ಡ ಬರುವುದಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಪ್ರಮಾಣದ ಮಿತಿ ಮೀರಿದ ಆಪ್ಷನ್ ಆರ್ಡರನ್ನು ತಾನಾಗಿಯೇ ತುಂಡು ಮಾಡಿ ಕಳುಹಿಸುವ ಸೌಲಭ್ಯ ಹಲವೆಡೆ ಸಿಗುತ್ತದೆ. 2024ರ ಕೊನೆಯಲ್ಲಿ ನಿಫ್ಟಿಯ ಲಾಟ್ 25ರಿಂದ 75ಕ್ಕೆ ಏರಿತು. ಆ ಹೊತ್ತಿನಲ್ಲಿ ಕೋಡ್ ತಿದ್ದುವಾಗ ಲಾಟ್‌ನ ಗಾತ್ರದಿಂದ ಎರಡು ಬಾರಿ ಗುಣಿಸಿದ ಒಂದು ಸಾಲು ಉಳಿದುಹೋಯಿತು ಎಂದುಕೊಳ್ಳಿ. ಒಂದು ಲಾಟ್, ಅಂದರೆ 75, ಹೋಗಬೇಕಾದ ಕಡೆ 5,625 ಹೋಗುತ್ತದೆ. ವಿನಿಮಯ ಕೇಂದ್ರದ ಮಿತಿಗೆ ಅದು ದೊಡ್ಡದಾಗಿದ್ದರೆ ತಿರಸ್ಕೃತವಾಗಿ ನೀವು ಬಚಾವಾಗಬೇಕಿತ್ತು. ತುಂಡು ಮಾಡುವ ಸೌಲಭ್ಯ ಆ ತಪ್ಪನ್ನು ನೀಟಾಗಿ ಕತ್ತರಿಸಿ, ಪ್ರತಿ ತುಂಡೂ ಮಿತಿಯೊಳಗಿರುವಂತೆ ಕಳುಹಿಸಿಕೊಡುತ್ತದೆ. ಸಿಟಿಯಲ್ಲೂ ಅಲ್ಗೊ ಮಾಡಿದ್ದು ದೊಡ್ಡದನ್ನು ಚಿಕ್ಕದಾಗಿಸಿ ಮಾರುವ ತನ್ನ ಕೆಲಸವನ್ನೇ. ಹಾಗಾಗಿ ನಿಮ್ಮ ತಡೆ ಯಾವುದೇ ಇರಲಿ, ಅದು ತುಂಡು ಮಾಡುವ ಹಂತಕ್ಕೆ ಮೊದಲು ಕೂರಬೇಕು.

ಪ್ರಮಾಣ: ಸ್ಥಿರ ಮಿತಿಯೋ, ಇತ್ತೀಚಿನ ವಾಡಿಕೆಯೋ?

ಸ್ಥಿರ ಮಿತಿ ಎಂದರೆ ‘ಒಂದು ಆರ್ಡರ್‌ನಲ್ಲಿ ಇಷ್ಟಕ್ಕಿಂತ ಹೆಚ್ಚು ಬೇಡ’ ಎಂದು ಬರೆದಿಡುವುದು. ಇದು ಮೊದ್ದು, ಆದರೆ ಪ್ರಾಮಾಣಿಕ. ಯಾವ ದತ್ತಾಂಶವೂ ಬೇಡ, ಯಾವ ಸಂಪರ್ಕ ಕಡಿದರೂ ಕೆಟ್ಟುಹೋಗುವುದಿಲ್ಲ. ಅದರ ದೌರ್ಬಲ್ಯವೆಂದರೆ ಅತಿ ದೊಡ್ಡ ತಂತ್ರಕ್ಕೆ ಹೊಂದುವಂತೆ ಇಟ್ಟ ಮಿತಿ ಚಿಕ್ಕ ತಂತ್ರಕ್ಕೆ ಸಡಿಲವಾಗಿಬಿಡುತ್ತದೆ.

ವಾಡಿಕೆ ಆಧಾರಿತ ತಡೆಯಲ್ಲಿ ಎರಡು ಬಗೆ. ಒಂದು, ಮಾರುಕಟ್ಟೆಯ ವಾಡಿಕೆ: ಆ ಷೇರಿನ ದಿನದ ಸರಾಸರಿ ವಹಿವಾಟಿನ ಇಷ್ಟು ಶೇಕಡಾ ಮೀರಬಾರದು ಎಂಬುದು. ದಿನಕ್ಕೆ ಒಂದು ಕೋಟಿ ಷೇರು ಓಡಾಡುವ ಕಂಪನಿಯಲ್ಲಿ ಶೇ 1 ಎಂದರೆ ಒಂದು ಲಕ್ಷ ಷೇರು. ಐವತ್ತು ಷೇರು ಕೊಳ್ಳುವವನಿಗೆ ಇದರಿಂದ ಆಗುವ ಕಾವಲು ಸೊನ್ನೆ. ವಹಿವಾಟು ತೆಳುವಾಗಿರುವ ಷೇರುಗಳಲ್ಲಿ ಮಾತ್ರ ಇದಕ್ಕೆ ಬೆಲೆ ಇದೆ. ಎರಡನೆಯದು, ನಿಮ್ಮದೇ ವಾಡಿಕೆ: ಈ ತಂತ್ರ ಹಿಂದಿನ ಆರ್ಡರ್‌ಗಳಲ್ಲಿ ಎಷ್ಟು ಹಾಕಿದೆ, ಈಗಿನದು ಅದರ ಎಷ್ಟು ಪಟ್ಟು ಎಂಬುದು. ಸಣ್ಣ ಅಲ್ಗೊಗೆ ನನ್ನ ಮತ ಇದಕ್ಕೇ.

ಆದರೆ ಇದನ್ನು ಲೆಕ್ಕ ಹಾಕುವ ರೀತಿಯಲ್ಲಿ ಹೊಂಡಗಳಿವೆ. ಹಿಂದಿನ 20 ಆರ್ಡರ್‌ಗಳಲ್ಲಿ 19 ಐವತ್ತರವು, ಒಂದು ಹೇಗೋ ನುಸುಳಿದ 5,000ದ್ದು ಎಂದಿಟ್ಟುಕೊಳ್ಳಿ. ಸರಾಸರಿ 297.5 ಆಗುತ್ತದೆ. ಸರಾಸರಿಯ ಐದು ಪಟ್ಟು ಎಂಬ ಮಿತಿ 250ರಿಂದ 1,487ಕ್ಕೆ ಜಿಗಿಯುತ್ತದೆ. ಒಂದು ತಪ್ಪು ಮುಂದಿನ ತಪ್ಪಿಗೆ ಬಾಗಿಲು ತೆರೆದಂತಾಯಿತು. ಮಧ್ಯಾಂಕ ಹಿಡಿದರೆ ಅದು 50ರಲ್ಲೇ ನಿಲ್ಲುತ್ತದೆ, ಮಿತಿ 250ರಿಂದ ಕದಲುವುದಿಲ್ಲ.

ಮಾನಕ ವಿಚಲನೆಯನ್ನು ನಂಬುವವರಿಗೆ ಇನ್ನೂ ಆಳದ ಹೊಂಡವಿದೆ. ಸರಾಸರಿಯಿಂದ ಐದು ಮಾನಕ ವಿಚಲನೆಗಳಾಚೆ ಇದ್ದರೆ ತಿರಸ್ಕರಿಸು ಎಂದು ಬರೆದು, ಲೆಕ್ಕಕ್ಕೆ ಹೊಸ ಆರ್ಡರನ್ನೂ ಸೇರಿಸಿಕೊಂಡ 20ರ ಪಟ್ಟಿಯನ್ನು ಕೊಟ್ಟರೆ, ಆ ತಡೆ ಎಂದೂ ಕೆಲಸ ಮಾಡುವುದಿಲ್ಲ. 20 ಅಂಕಿಗಳ ಗುಂಪಿನಲ್ಲಿ ಒಂದು ಅಂಕಿ ತನ್ನ ಸರಾಸರಿಯಿಂದ ಹೆಚ್ಚೆಂದರೆ 4.25 ಮಾನಕ ವಿಚಲನೆಗಳಷ್ಟು ದೂರ ಹೋಗಬಲ್ಲದು. ಐದು ಸಾವಿರವಾಗಲಿ, ಐದು ಕೋಟಿಯಾಗಲಿ, ಅಂಕಿ ದೊಡ್ಡದಾದಷ್ಟೂ ವಿಚಲನೆಯನ್ನೂ ತನ್ನೊಂದಿಗೆ ಎಳೆದುಕೊಂಡು ಹೋಗುತ್ತದೆ. ಹೊಸ ಆರ್ಡರನ್ನು ಅಳೆಯುವ ಪಟ್ಟಿಯಲ್ಲಿ ಅದೇ ಆರ್ಡರ್ ಇರಕೂಡದು. ಇನ್ನು, ಎಲ್ಲ ಆರ್ಡರ್‌ಗಳೂ ಒಂದೇ ಗಾತ್ರದವಾದರೆ ವಿಚಲನೆ ಸೊನ್ನೆಯಾಗಿ, 51ರ ಆರ್ಡರ್ ಕೂಡ ತಿರಸ್ಕಾರಕ್ಕೆ ಗುರಿಯಾಗುತ್ತದೆ. ‘ಮಧ್ಯಾಂಕದ ಇಷ್ಟು ಪಟ್ಟು’ ಎಂಬ ಸರಳ ನಿಯಮಕ್ಕೆ ಈ ಎರಡೂ ರೋಗವಿಲ್ಲ.

ಷೇರಿನ ಎಣಿಕೆ ಬೇಡ, ರೂಪಾಯಿಯಲ್ಲಿ ಅಳೆಯಿರಿ. ಆದರೆ ಯಾರ ಬೆಲೆಯಲ್ಲಿ?

2024ರ ಅಕ್ಟೋಬರ್‌ನಲ್ಲಿ ರಿಲಯನ್ಸ್ ಒಂದಕ್ಕೊಂದು ಬೋನಸ್ ಷೇರು ಕೊಟ್ಟಾಗ, 2,650ರ ಸುಮಾರಿನಲ್ಲಿದ್ದ ಬೆಲೆ ಮುಂದಿನ ವಹಿವಾಟಿನ ದಿನ ಅದರ ಅರ್ಧದ ಆಸುಪಾಸಿನಲ್ಲಿ ಶುರುವಾಯಿತು. ಅಷ್ಟೇ ಹಣ ಹೂಡುವ ಅಲ್ಗೊಗೆ ಈಗ ಎರಡರಷ್ಟು ಷೇರು ಬೇಕು. ಷೇರಿನ ಎಣಿಕೆಯ ಮೇಲೆ ನಿಂತ ತಡೆ ಸರಿಯಾದ ಆರ್ಡರನ್ನೂ ಅನುಮಾನಿಸತೊಡಗುತ್ತದೆ, ನೆನ್ನೆಯ ಮುಕ್ತಾಯದ ಬೆಲೆಯ ಮೇಲೆ ನಿಂತ ತಡೆ ಎಲ್ಲವನ್ನೂ ತಿರಸ್ಕರಿಸುತ್ತದೆ. ರೂಪಾಯಿ ಮೌಲ್ಯಕ್ಕೆ ಈ ಗೊಂದಲವಿಲ್ಲ.

ಆದರೆ ಮೌಲ್ಯವನ್ನು ಆರ್ಡರ್‌ನಲ್ಲೇ ಬರೆದಿರುವ ಬೆಲೆಯಿಂದ ಗುಣಿಸಿ ತೆಗೆದರೆ ಮೋಸಹೋಗುತ್ತೀರಿ. 2005ರ ಡಿಸೆಂಬರ್ 8ರಂದು ಟೋಕಿಯೊದಲ್ಲಿ ಮಿಝುಹೊ ಸೆಕ್ಯುರಿಟೀಸ್, ಅಂದೇ ಪೇಟೆಗೆ ಬಂದ ಜೆ-ಕಾಮ್ ಕಂಪನಿಯ ಒಂದು ಷೇರನ್ನು 6,10,000 ಯೆನ್‌ಗೆ ಮಾರಬೇಕಿತ್ತು. ಹೋದದ್ದು 6,10,000 ಷೇರುಗಳನ್ನು ತಲಾ ಒಂದು ಯೆನ್‌ಗೆ ಮಾರುವ ಆರ್ಡರ್. ಆ ಕಂಪನಿಯ ಒಟ್ಟು ಷೇರುಗಳೇ 14,500. ಈಗ ಪ್ರಮಾಣವನ್ನು ಬೆಲೆಯಿಂದ ಗುಣಿಸಿ ನೋಡಿ: ಸರಿಯಾದ ಆರ್ಡರ್‌ಗೂ 6,10,000 ಯೆನ್, ತಪ್ಪು ಆರ್ಡರ್‌ಗೂ 6,10,000 ಯೆನ್. ಮೌಲ್ಯದ ತಡೆ ಎಷ್ಟೇ ಬಿಗಿಯಾಗಿದ್ದರೂ ಎರಡಕ್ಕೂ ಒಂದೇ ಉತ್ತರ ಕೊಡುತ್ತಿತ್ತು. ಷೇರು ವಿತರಣೆಯ ಬೆಲೆಯನ್ನೇ ಅಳತೆಗೋಲಾಗಿ ಹಿಡಿದಿದ್ದರೆ ಮೌಲ್ಯ 37,000 ಕೋಟಿ ಯೆನ್ ದಾಟುತ್ತಿತ್ತು. ಆರ್ಡರ್‌ನ ಬೆಲೆ, ಮಾರುಕಟ್ಟೆಯ ಉಲ್ಲೇಖ ಬೆಲೆ, ಇವೆರಡರಲ್ಲಿ ದೊಡ್ಡದರಿಂದ ಗುಣಿಸುವುದು ಸರಿಯಾದ ಕ್ರಮ.

ಬೆಲೆ: ಶೇಕಡಾವಾರು ಪಟ್ಟಿಯೋ, ಏರಿಳಿತಕ್ಕೆ ಹಿಗ್ಗುವ ಪಟ್ಟಿಯೋ?

ಪಟ್ಟಿ ಎಂದರೆ ಇಲ್ಲಿ ಉಲ್ಲೇಖ ಬೆಲೆಯಿಂದ ಆಚೀಚೆ ಬಿಡುವ ಅಂತರ. ಬೆಲೆಯ ತಡೆ ಒಂದೇ ಕಡೆಗೆ ಇದ್ದರೆ ಸಾಕು. ಕೊಳ್ಳುವ ಆರ್ಡರ್ ಮಾರುಕಟ್ಟೆಗಿಂತ ತೀರಾ ಮೇಲಿದ್ದರೆ ಅಪಾಯ. ತೀರಾ ಕೆಳಗಿದ್ದರೆ ಅದು ಸುಮ್ಮನೆ ಕಾಯುತ್ತಾ ಕೂರುತ್ತದೆ. ಮಾರುವ ಆರ್ಡರ್‌ಗೆ ಇದರ ತಿರುವುಮುರುವು. ಎರಡೂ ಬದಿ ತಡೆ ಹಾಕಿದರೆ ದೂರದಲ್ಲಿ ಬೇಕೆಂದೇ ಇಟ್ಟ ಆರ್ಡರ್‌ಗಳು ವೃಥಾ ಸಾಯುತ್ತವೆ. ಮಾರ್ಕೆಟ್ ಆರ್ಡರ್‌ಗೆ ಬೆಲೆಯೇ ಇಲ್ಲದ ಕಾರಣ ಈ ತಡೆಗೆ ಅಲ್ಲಿ ಹಿಡಿಯಲು ಏನೂ ಇಲ್ಲ. ಪಟ್ಟಿಯ ಅಂಚಿನ ಬೆಲೆ ಹಾಕಿ ಲಿಮಿಟ್ ಆರ್ಡರ್ ಆಗಿ ಕಳುಹಿಸುವುದು ಲೇಸು.

ಸ್ಥಿರ ಶೇಕಡಾ ಪಟ್ಟಿ ಸಾಮಾನ್ಯ ದಿನಗಳಲ್ಲಿ ಸಡಿಲ, ಅಸಾಮಾನ್ಯ ದಿನಗಳಲ್ಲಿ ಬಿಗಿ. ಅಂದರೆ ಬೇಕಾದುದಕ್ಕೆ ಉಲ್ಟಾ. ಲೋಕಸಭಾ ಚುನಾವಣೆಯ ಫಲಿತಾಂಶ ಬಂದ 2024ರ ಜೂನ್ 4ನ್ನು ನೆನೆಸಿಕೊಳ್ಳಿ. ಹಿಂದಿನ ದಿನ ಶೇ 3ಕ್ಕೂ ಹೆಚ್ಚು ಏರಿದ್ದ ನಿಫ್ಟಿ ಅಂದು ನಡುಹಗಲಿನಲ್ಲಿ ಶೇ 8ರಷ್ಟು ಬಿದ್ದು, ಕೊನೆಗೆ ಶೇ 5.9ರಷ್ಟು ನಷ್ಟದಲ್ಲಿ ಮುಗಿಯಿತು. ಅಂಥ ದಿನ ಸಾಮಾನ್ಯ ದಿನಕ್ಕೆ ಹೊಲಿದ ಪಟ್ಟಿ ಸರಿಯಾದ ಆರ್ಡರ್‌ಗಳನ್ನೇ ಹಿಂದಕ್ಕಟ್ಟುತ್ತದೆ. ಇತ್ತೀಚಿನ ಏರಿಳಿತಕ್ಕೆ ತಕ್ಕಂತೆ ಹಿಗ್ಗುವ ಪಟ್ಟಿ ಇದನ್ನು ಸಹಿಸಿಕೊಳ್ಳುತ್ತದೆ. ಅದಕ್ಕೆ ಕೆಳಮಿತಿ ಮತ್ತು ಮೇಲ್ಮಿತಿ ಎರಡೂ ಬೇಕು: ಮಧ್ಯಾಹ್ನದ ಮಂಕು ಹೊತ್ತಿನಲ್ಲಿ ಪಟ್ಟಿ ಕೂದಲೆಳೆಯಷ್ಟು ಕಿರಿದಾಗಬಾರದು, ಗದ್ದಲದಲ್ಲಿ ಏನನ್ನೂ ಒಳಬಿಡುವಷ್ಟು ಅಗಲವೂ ಆಗಬಾರದು.

ಎರಡು ರೂಪಾಯಿಯ ಆಪ್ಷನ್ ನಾಲ್ಕಕ್ಕೆ ಹೋಗುವುದು ದಿನನಿತ್ಯದ ಸಂಗತಿ. ಅಲ್ಲಿ ಶೇಕಡಾ ಲೆಕ್ಕ ಒಂದೇ ಇಟ್ಟುಕೊಂಡರೆ ನಡೆಯುವುದಿಲ್ಲ. ‘ಇಷ್ಟು ಶೇಕಡಾ ಅಥವಾ ಇಷ್ಟು ರೂಪಾಯಿ, ಯಾವುದು ಹೆಚ್ಚೋ ಅದು’ ಎಂದಿಡಬೇಕು.

ಪಟ್ಟಿಯ ಅಗಲಕ್ಕಿಂತ ಹೆಚ್ಚು ತಲೆಕೆಡಿಸಿಕೊಳ್ಳಬೇಕಾದದ್ದು ಅದರ ನಡುಬಿಂದುವಿನ ಬಗ್ಗೆ. ಕೊನೆಯ ವಹಿವಾಟಿನ ಬೆಲೆ ಚುರುಕಾದ ಷೇರುಗಳಲ್ಲಿ ಸಾಕು. ಗಂಟೆಗೊಮ್ಮೆ ವಹಿವಾಟಾಗುವ ಕಡೆ ಅದು ಹಳಸಲು. ಕೊಳ್ಳುವವರ ಮತ್ತು ಮಾರುವವರ ಬೆಲೆಗಳ ನಡುಮಟ್ಟ ಹಿಡಿಯಬಹುದು, ಆದರೆ ಒಬ್ಬ 100 ಎಂದು, ಇನ್ನೊಬ್ಬ 140 ಎಂದು ಕೂತಿದ್ದರೆ 120 ಯಾರ ಬೆಲೆಯೂ ಅಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಸದ್ದಿಲ್ಲದೆ ನಿಂತುಹೋದ ಬೆಲೆ. ವೆಬ್‌ಸಾಕೆಟ್ ಸಂಪರ್ಕ ಕಡಿದ ಮೇಲೂ ನಿಮ್ಮ ಮೆಮೊರಿಯಲ್ಲಿ ಹಳೆಯ ಬೆಲೆ ಹಾಗೆಯೇ ಇರುತ್ತದೆ. ತಡೆ ಅದನ್ನೇ ನಂಬಿ ಕೆಟ್ಟ ಆರ್ಡರ್‌ಗೆ ಸೈ ಎನ್ನುತ್ತದೆ, ಒಳ್ಳೆಯದನ್ನು ಒದೆಯುತ್ತದೆ. ಪ್ರತಿ ಬೆಲೆಯ ಜೊತೆ ಅದು ಬಂದ ಹೊತ್ತನ್ನೂ ಇಟ್ಟುಕೊಂಡು, ಕೆಲವು ಸೆಕೆಂಡುಗಳಿಗಿಂತ ಹಳೆಯದಾದರೆ ಹೊಸ ಆರ್ಡರ್ ಬೇಡ ಎನ್ನುವುದೇ ಇದಕ್ಕೆ ಮದ್ದು.

ಒಂದು ಹೊಂದಾಣಿಕೆ, ನಾಲ್ಕು ತಪ್ಪುಗಳು

ಹತ್ತು ಲಕ್ಷ ಬಂಡವಾಳ, 1,400 ರೂಪಾಯಿಯ ಷೇರು, ವಾಡಿಕೆಯ ಆರ್ಡರ್ 50 ಷೇರು, ಅಂದರೆ 70,000 ರೂಪಾಯಿ ಎಂದು ಇಟ್ಟುಕೊಳ್ಳೋಣ. ನಾನು ಹೀಗೆ ಜೋಡಿಸುತ್ತೇನೆ:

```python
def check(side, qty, price, ref, age, median_val, sigma):
    if ref is None or age > 3:
        return "REJECT stale ref"
    value = qty * max(price, ref)
    if value > 300000:
        return "REJECT hard cap"
    if value > 4 * max(median_val, 20000):
        return "REJECT size"
    band = min(max(0.006, 4 * sigma), 0.03)
    if side == "BUY" and price > ref * (1 + band):
        return "REJECT price"
    if side == "SELL" and price < ref * (1 - band):
        return "REJECT price"
    return "OK"
```

`sigma` ಇಲ್ಲಿ ಐದು ನಿಮಿಷಗಳ ಬೆಲೆ ಬದಲಾವಣೆಯ ಮಾನಕ ವಿಚಲನೆ. ಅದು 0.0015 ಇದ್ದರೆ ಪಟ್ಟಿ ಶೇ 0.6, ಅಂದರೆ ಕೊಳ್ಳಲು ಮೇಲಿನ ಅಂಚು 1,408.40. ಗದ್ದಲದ ದಿನ ಎಷ್ಟೇ ಹಿಗ್ಗಿದರೂ ಶೇ 3ಕ್ಕೆ, 1,442ಕ್ಕೆ, ನಿಲ್ಲುತ್ತದೆ.

50ರ ಬದಲು 5,000 ಬಿತ್ತು: ಮೌಲ್ಯ 70 ಲಕ್ಷ, ಸ್ಥಿರ ಮಿತಿಗೆ ಬಡಿದು ಸತ್ತಿತು. ಮಾರುವ ಬೆಲೆ 1,400 ಆಗಬೇಕಿದ್ದದ್ದು 1,040 ಆಯಿತು: ಮೌಲ್ಯ ಸರಿಯಾಗಿಯೇ ಇದೆ, ಬೆಲೆಯ ಪಟ್ಟಿ ಹಿಡಿಯಿತು. ಬೆಲೆ ಮತ್ತು ಪ್ರಮಾಣ ಅದಲುಬದಲಾಗಿ 50 ರೂಪಾಯಿಗೆ 1,400 ಷೇರು ಕೊಳ್ಳುವ ಆರ್ಡರ್ ಹೊರಟಿತು: ಬೆಲೆ ಕಡಿಮೆಯೇ ಇರುವುದರಿಂದ ಪಟ್ಟಿ ಸುಮ್ಮನಿರುತ್ತದೆ, ಆರ್ಡರ್‌ನ ಬೆಲೆಯಿಂದ ಗುಣಿಸಿದ್ದರೆ ಮೌಲ್ಯವೂ 70,000ವೇ. ಉಲ್ಲೇಖ ಬೆಲೆಯಿಂದ ಗುಣಿಸಿದ್ದರಿಂದ 19.6 ಲಕ್ಷ ಎಂದು ಬಯಲಾಯಿತು.

ನಾಲ್ಕನೆಯದು ಬೇರೆ ಜಾತಿಯದು. ಒಂದು ದೋಷದಿಂದ 50 ಷೇರಿನ ಆರ್ಡರ್ ಮೇಲಿಂದ ಮೇಲೆ ಇನ್ನೂರು ಬಾರಿ ಹೋಯಿತು. ಪ್ರತಿಯೊಂದೂ ನಿರ್ದೋಷಿ, ಮೇಲಿನ ಕೋಡ್ ಇನ್ನೂರಕ್ಕೂ `OK` ಎನ್ನುತ್ತದೆ. 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಸುಮಾರು 45 ನಿಮಿಷಗಳಲ್ಲಿ 44 ಕೋಟಿ ಡಾಲರ್‌ಗೂ ಹೆಚ್ಚು ಕಳೆದುಕೊಂಡದ್ದು ಹೀಗೆಯೇ: 212 ಆರ್ಡರ್‌ಗಳನ್ನು ಪೂರೈಸಬೇಕಿದ್ದ ತಂತ್ರಾಂಶ, ನಿಲ್ಲಿಸುವುದು ಗೊತ್ತಾಗದೆ, 40 ಲಕ್ಷ ವಹಿವಾಟುಗಳನ್ನು ನಡೆಸಿತು. ಒಂಟಿ ಆರ್ಡರನ್ನು ನೋಡುವ ತಡೆ ಎಷ್ಟೇ ಜಾಣವಾಗಿದ್ದರೂ ಇದನ್ನು ಕಾಣುವುದಿಲ್ಲ. ನಿಮಿಷಕ್ಕೆ ಇಷ್ಟು ಆರ್ಡರ್, ದಿನಕ್ಕೆ ಇಷ್ಟು ಒಟ್ಟು ಮೌಲ್ಯ ಎಂಬ ಲೆಕ್ಕ ಪ್ರತ್ಯೇಕವಾಗಿ ಇರಬೇಕು.

ಎಚ್ಚರಿಕೆ ಕೊಡಬೇಕೋ, ತಿರಸ್ಕರಿಸಬೇಕೋ?

ಸಿಟಿಯ ಟ್ರೇಡರ್ ಮುಂದೆ ಬಂದ ಕಿಟಕಿಯಲ್ಲಿ 711 ಎಚ್ಚರಿಕೆಗಳಿದ್ದವು. ಪರದೆಯಲ್ಲಿ ಕಾಣುತ್ತಿದ್ದದ್ದು ಮೊದಲ 18 ಸಾಲು. ಉಳಿದವನ್ನು ಓದದೆಯೇ ಒಪ್ಪಿಗೆ ಒತ್ತಿ ಮುಂದೆ ಹೋಗಬಹುದಿತ್ತು, ಹಾಗೆಯೇ ಆಯಿತು. ಮಿಝುಹೊದಲ್ಲೂ ಬೆಲೆ ಅಸಹಜವಾಗಿದೆ ಎಂಬ ಎಚ್ಚರಿಕೆ ಬಂದಿತ್ತು, ಅದನ್ನು ದಾಟಿದರು. ಕೈಯಿಂದ ಆರ್ಡರ್ ಹಾಕುವವರಿಗೇ ಎಚ್ಚರಿಕೆಯ ಕಿಟಕಿ ಇಷ್ಟೇ ಉಪಕಾರಿಯಾದರೆ, ಓದುವವರೇ ಇಲ್ಲದ ಅಲ್ಗೊಗೆ ಅದರ ಪ್ರಯೋಜನವಿಲ್ಲ. ಹೊಸ ಆರ್ಡರ್‌ಗೆ ತಿರಸ್ಕಾರವೇ ಸರಿ.

ಇರುವುದನ್ನು ಮಾರಿ ಹೊರಬರುವ ಆರ್ಡರ್ ಮಾತ್ರ ಇದಕ್ಕೆ ಹೊರತು. ಜೂನ್ 4ರಂಥ ದಿನ ಸ್ಟಾಪ್‌ಲಾಸ್ ತಿರಸ್ಕೃತವಾದರೆ ನಷ್ಟ ತರುವುದು ನಿಮ್ಮ ತಡೆಯೇ. ಅಂಥ ಆರ್ಡರ್‌ಗೆ ಬೆಲೆಯನ್ನು ಪಟ್ಟಿಯ ಅಂಚಿಗೆ ತಂದು ಕಳುಹಿಸುವುದು ಮೇಲು. ಪ್ರಮಾಣ ಮಾತ್ರ ಕೈಯಲ್ಲಿರುವುದಕ್ಕಿಂತ ಹೆಚ್ಚಿರಬಾರದು, ಮತ್ತು ಕೈಯಲ್ಲಿ ಎಷ್ಟಿದೆ ಎಂಬುದನ್ನು ಬ್ರೋಕರ್‌ನಿಂದ ಕೇಳಿ ತಿಳಿಯಬೇಕು. ಅಲ್ಗೊನ ಸ್ವಂತ ನೆನಪನ್ನು ನಂಬಬಾರದು. ಬೆಲೆಯನ್ನು ಹೀಗೆ ತಿದ್ದಬಹುದು, ಪ್ರಮಾಣವನ್ನು ತಿದ್ದುವುದು ಬೇಡ. 5,000ವನ್ನು 200ಕ್ಕೆ ಇಳಿಸಿ ಕಳುಹಿಸಿದರೆ ದೋಷ ಒಳಗೇ ಉಳಿದು, ಆರ್ಡರ್ ಸರಿಯಾಗಿ ಹೋಯಿತೆಂಬ ಭ್ರಮೆ ಹುಟ್ಟುತ್ತದೆ.

ಹಣಕ್ಕೆ ಕೈ ಹಾಕುವ ಮೊದಲು ಕಳೆದ ಕೆಲವು ತಿಂಗಳ ಆರ್ಡರ್‌ಗಳನ್ನು ಈ ತಡೆಯ ಮೂಲಕ ಮತ್ತೆ ಹಾಯಿಸಿ ನೋಡಿ. ಸರಿಯಾಗಿದ್ದ ಆರ್ಡರ್‌ಗಳು ಪದೇ ಪದೇ ಸಿಕ್ಕಿಬಿದ್ದರೆ ಪಟ್ಟಿ ಬಿಗಿಯಾಗಿದೆ. ಇವತ್ತಲ್ಲ ನಾಳೆ ಬೇಸತ್ತು ನೀವೇ ಅದನ್ನು ತೆಗೆದುಹಾಕುತ್ತೀರಿ. ಒಂದೂ ಸಿಕ್ಕದಿದ್ದರೆ ಬೇಕೆಂದೇ ಒಂದು ಸೊನ್ನೆ ಹೆಚ್ಚಿಸಿದ, ಬೆಲೆ-ಪ್ರಮಾಣ ಅದಲುಬದಲಾದ ಆರ್ಡರ್‌ಗಳನ್ನು ಕೊಟ್ಟು ಪರೀಕ್ಷಿಸಿ. ಪ್ರತಿ ತಿರಸ್ಕಾರದ ಜೊತೆ ಆಗಿನ ಉಲ್ಲೇಖ ಬೆಲೆ, ಅದರ ವಯಸ್ಸು, ಪಟ್ಟಿಯ ಅಗಲ ಇಷ್ಟನ್ನೂ ಲಾಗ್‌ನಲ್ಲಿ ಬರೆದಿಡಿ. ತಿರಸ್ಕಾರ ಬಂದ ಮೇಲೆ ಅಲ್ಗೊ ಏನು ಮಾಡುತ್ತದೆ ಎಂಬುದನ್ನೂ ನೋಡಿ. ಆರ್ಡರ್ ಹೋಗದಿದ್ದರೆ ಮತ್ತೆ ಯತ್ನಿಸು, ಇಲ್ಲವೇ ಅರ್ಧ ಪ್ರಮಾಣಕ್ಕೆ ಯತ್ನಿಸು ಎಂಬ ಸಾಲು ಎಲ್ಲೋ ಅಡಗಿದ್ದರೆ, 5,000ವು 2,500, 1,250, 625 ಎಂದು ಇಳಿಯುತ್ತಾ ಕೊನೆಗೆ ತಡೆಯ ಸಂದಿಯಲ್ಲಿ ತೂರಿಬಿಡುತ್ತದೆ. ನೆಟ್‌ವರ್ಕ್ ದೋಷಕ್ಕೆ ಮರುಯತ್ನ ಇರಲಿ. `REJECT` ಎಂಬ ಉತ್ತರ ಬಂದರೆ ಆ ತಂತ್ರ ಅಲ್ಲೇ ನಿಲ್ಲಬೇಕು, ಮನುಷ್ಯನೊಬ್ಬ ಲಾಗ್ ನೋಡಿ ಗುಂಡಿ ಒತ್ತುವವರೆಗೆ ಮತ್ತೆ ಶುರುವಾಗಬಾರದು.